ಗೆಳತಿಯ ಆರತಕ್ಷತೆಯ ಮಾತು: ಕನ್ನಡದ ಕಥೆ, ಹಿಂದಿಯ ಏಳು ಜಾಗ

ಪ್ರಶ್ನೆ: ಮೇಡಂ, ನನ್ನ ಜೀವದ ಗೆಳತಿ ತೀರ್ಥಹಳ್ಳಿ ಹತ್ತಿರದ ಅಡಿಕೆ ಬೆಳೆಗಾರರ ಮನೆಯವಳು. ಹುಡುಗ ಕಾನ್ಪುರದವರು. ಬೆಂಗಳೂರಿನ ಆಫೀಸಿನಲ್ಲಿ ಪರಿಚಯವಾಗಿ ಪ್ರೀತಿಸಿದವರು. ಶಿವಮೊಗ್ಗದಲ್ಲಿ ಮದುವೆ, ಹಿಂದಿನ ಸಂಜೆ ಆರತಕ್ಷತೆ. ಅಲ್ಲಿ ಅವರ ಪ್ರೇಮಕಥೆ ಬಗ್ಗೆ ನಾನು ಐದಾರು ನಿಮಿಷ ಮಾತಾಡಬೇಕಂತೆ. ಕನ್ನಡದಲ್ಲೇ ಮಾತಾಡು ಅಂತ ಗೆಳತಿಯ ಹಟ. ಆದರೆ ಕಾನ್ಪುರದಿಂದ ಬರೋ ಅರವತ್ತು ಜನಕ್ಕೆ ಕನ್ನಡ ಬರಲ್ಲ, ಮುಖ್ಯ ಸಾಲುಗಳನ್ನು ಹಿಂದಿಯಲ್ಲೂ ಹೇಳಬೇಕು. ಯಾವ ಸಾಲು, ಎಲ್ಲಿ, ಹೇಗೆ? ನನ್ನದು ಶಾಲೆಯಲ್ಲಿ ಕಲಿತ ಹಿಂದಿ, ಜೊತೆಗೆ ಬೆಂಗಳೂರಿನ ಆಟೋ ಹಿಂದಿ. ನಾಲ್ಕು ಪುಟದ ಕರಡು ಕಳಿಸಿದ್ದೇನೆ, ನೋಡಿ ತಿದ್ದಿಕೊಡಿ.

ಉತ್ತರ: ಕರಡಿನಲ್ಲಿ ನೀವು ಪ್ರತಿ ಪ್ಯಾರಾವನ್ನೂ ಕನ್ನಡದಲ್ಲಿ ಬರೆದು, ಕೆಳಗೆ ಅದನ್ನೇ ಹಿಂದಿಗೆ ತಿರುಗಿಸಿದ್ದೀರಿ. ಮೊದಲು ಇದನ್ನು ಬಿಡಬೇಕು. ಹೀಗೆ ಮಾಡಿದರೆ ಆರು ನಿಮಿಷದ ಮಾತು ಹನ್ನೆರಡಾಗುತ್ತದೆ. ಅಷ್ಟೇ ಆದರೆ ಪರವಾಗಿಲ್ಲ, ಸಭೆ ಎರಡು ಹೋಳಾಗುತ್ತದೆ. ನೀವು ಕನ್ನಡ ಹೇಳುವಾಗ ಕಾನ್ಪುರದವರು ತಮ್ಮತಮ್ಮಲ್ಲೇ ಮಾತಿಗೆ ಇಳಿಯುತ್ತಾರೆ, ಹಿಂದಿ ಹೇಳುವಾಗ ಶಿವಮೊಗ್ಗದವರು. ನಗುವ ಮಾತಿಗೆ ಒಂದು ಕಡೆಯವರು ನಕ್ಕು ಸುಮ್ಮನಾದ ಮೇಲೆ ಇನ್ನೊಂದು ಕಡೆಯವರು ನಗುತ್ತಾರೆ. ಎರಡು ಭಾಷೆಯ ಮದುವೆಗಳಲ್ಲಿ ನಿರೂಪಣೆ ಮಾಡುವಾಗ ನಾನು ಮತ್ತೆ ಮತ್ತೆ ಕಂಡಿರುವ ತೊಂದರೆ ಇದು.

ಹಿಂದಿ ಸಾಲುಗಳನ್ನು ಅನುವಾದ ಅಂದುಕೊಳ್ಳಬೇಡಿ. ಅವು ತಾವೇ ಒಂದು ಚಿಕ್ಕ ಕಥೆಯಾಗಿ ನಿಲ್ಲಬೇಕು. ಕನ್ನಡ ತಿಳಿಯದ ಹುಡುಗನ ಅಜ್ಜಿ ಬರೀ ಆ ಸಾಲುಗಳನ್ನು ಕೇಳಿ, ಯಾರು ಎಲ್ಲಿಗೆ ಹೋದರು, ಏನಾಯಿತು ಎಂದು ಪಕ್ಕದವರಿಗೆ ಹೇಳುವಂತಿರಬೇಕು. ಕನ್ನಡದ ಭಾಗದಲ್ಲಿ ವಿವರ, ಬಣ್ಣ, ಊರಿನ ಮಾತು ಎಲ್ಲ ಇರಲಿ. ಹಿಂದಿಯಲ್ಲಿ ಕಥೆ ತಿರುಗುವ ಜಾಗ ಮಾತ್ರ ಸಾಕು. ಇದನ್ನು ಪರೀಕ್ಷಿಸುವುದು ಸುಲಭ. ಆಫೀಸಿನಲ್ಲಿ ಈ ಕಥೆ ಗೊತ್ತಿಲ್ಲದ ಹಿಂದಿಯವರೊಬ್ಬರು ಇರುತ್ತಾರಲ್ಲ, ಅವರಿಗೆ ಹಿಂದಿ ಸಾಲುಗಳನ್ನಷ್ಟೇ ವರಸೆಯಲ್ಲಿ ಓದಿ ಹೇಳಿ, ಕಥೆ ತಿರುಗಿ ಹೇಳಲು ಕೇಳಿ. “ಯಾರ ಅಪ್ಪ?” “ಯಾವ ಊರಲ್ಲಿ?” ಎಂದು ಅವರು ಕೇಳಿದ ಕಡೆ ಒಂದು ಪದ ಕಡಿಮೆಯಾಗಿದೆ ಎಂದು ತಿಳಿಯಿರಿ.

ಇನ್ನು ಕಥೆ. ನಿಮ್ಮ ಕರಡು ಒಂದನೇ ಕ್ಲಾಸಿನಿಂದ ಶುರುವಾಗಿ, ಕಾಲೇಜು, ಕೆಲಸ, ಗೋಕರ್ಣ ಪ್ರವಾಸ, ಮನೆಯವರ ವಿರೋಧ, ಒಪ್ಪಿಗೆ ಎಂದು ಎಲ್ಲವನ್ನೂ ಹಿಡಿಯಲು ಹೋಗಿದೆ. ಅದರೊಳಗೆ ಎರಡು ಚಿನ್ನದಂಥ ಪ್ರಸಂಗಗಳು ಮುಳುಗಿವೆ. ಒಂದು, ಅಡಿಕೆ ಗೊನೆ ಇಳಿಸುವ ಕೊನೆ ಕೊಯ್ಲಿನ ಹೊತ್ತಿಗೆ ಹುಡುಗ ತೀರ್ಥಹಳ್ಳಿಗೆ ಬಂದು, ರಾತ್ರಿ ಅಡಿಕೆ ಸುಲಿಯುವವರ ಜೊತೆ ಕೂತಿದ್ದು, ನಿಮ್ಮ ಗೆಳತಿಯ ಅಪ್ಪ ಎಣ್ಣೆ ತಂದುಕೊಟ್ಟು ಬೈದಿದ್ದು. ಇನ್ನೊಂದನ್ನು ಮೂರನೇ ಪುಟದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ: ಕಾನ್ಪುರದ ಚಳಿಯಲ್ಲಿ ಹುಡುಗನ ಅಮ್ಮ ತಮ್ಮ ಶಾಲು ತೆಗೆದು ಇವಳಿಗೆ ಹೊದಿಸಿದ್ದು. ಈ ಎರಡೇ ಸಾಕು. ಒಂದು ನಮ್ಮ ಮನೆಯಲ್ಲಿ ನಡೆದದ್ದು, ಒಂದು ಅವರ ಮನೆಯಲ್ಲಿ ನಡೆದದ್ದು. ಹೆಣ್ಣಿನ ಕಡೆಯ ಗೆಳತಿ ಮಾತಾಡುವಾಗ ಕಥೆಯೆಲ್ಲ ಹೆಣ್ಣಿನ ಊರಲ್ಲೇ ನಡೆದರೆ, ದೂರದಿಂದ ಬಂದವರು ತಾವು ಬರೀ ನೋಡಲು ಬಂದವರು ಎಂದುಕೊಳ್ಳುತ್ತಾರೆ. ಶಾಲಿನ ಪ್ರಸಂಗ ಅದನ್ನು ಸರಿಮಾಡುತ್ತದೆ.

ಎರಡನ್ನೂ ಹೊಲಿಯುವ ದಾರ ನಿಮ್ಮ ಕರಡಿನಲ್ಲೇ ಇದೆ, ನೀವು ಗಮನಿಸಿಲ್ಲ. ಅದು ಕೈ. ಅಡಿಕೆ ಸುಲಿದು ಚೊಗರಿನ ಕಲೆ ಹತ್ತಿದ ಕೈ, ಶಾಲು ಹೊದಿಸಿದ ಕೈ, ಮೆಹಂದಿಯ ಕೈ, ಮರುದಿನ ಧಾರೆಯಲ್ಲಿ ಸೇರುವ ಕೈ. ಇದನ್ನು ಬಾಯಿಬಿಟ್ಟು ವಿವರಿಸಬೇಡಿ, ಕಥೆಯಲ್ಲಿ ಕೈ ಬಂದಾಗಲೆಲ್ಲ ಆ ಪದವನ್ನು ಸ್ಪಷ್ಟವಾಗಿ ಹೇಳಿ, ಸಾಕು.

ಮನೆಯವರ ವಿರೋಧದ ಭಾಗವನ್ನು ಪೂರ್ತಿ ತೆಗೆಯಿರಿ. ಸೋದರಮಾವ ಅಂದು ಆಡಿದ ಮಾತು ನಿಜವೇ ಇರಬಹುದು, ಆದರೆ ಅವರು ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ. “ಮೊದಲ ದಿನ ಅಪ್ಪ ಹೆಚ್ಚು ಮಾತಾಡಲಿಲ್ಲ” ಎಂದರೆ ತಿಳಿಯಬೇಕಾದವರಿಗೆಲ್ಲ ತಿಳಿಯುತ್ತದೆ. ಗೋಕರ್ಣವನ್ನೂ ಬಿಡಿ, ಅದು ಎರಡೂ ಮನೆಯ ಹಿರಿಯರಿಗೆ ಗೊತ್ತಿದೆಯೋ ಇಲ್ಲವೋ ನೀವು ಬರೆದಿಲ್ಲ. ಅಡಿಕೆ ಸುಲಿದ ಪ್ರಸಂಗವನ್ನು ಮಾತ್ರ ಗೆಳತಿಯ ಅಪ್ಪನಿಗೆ ಮೊದಲೇ ಒಮ್ಮೆ ಹೇಳಿಬಿಡಿ. ಸಾವಿರ ಜನರ ಎದುರು ತಮ್ಮ ಬಗ್ಗೆ ಕೇಳುವುದು ಅವರಿಗೆ ಹೊಸದು.

ಒಂದು ಸಾಲಿನ ಬಗ್ಗೆ ಒತ್ತಿ ಹೇಳಬೇಕು. “ಇಷ್ಟು ವರ್ಷ ಕಾನ್ಪುರಕ್ಕೆ ಅಡಿಕೆ ಕಳಿಸ್ತಿದ್ವಿ, ಈಗ ಮಗಳನ್ನೂ ಕಳಿಸ್ತಿದ್ದೀವಿ” ಎಂದು ಬರೆದಿದ್ದೀರಿ. ಮಲೆನಾಡಿನ ಅಡಿಕೆಗೂ ಕಾನ್ಪುರದ ಪಾನ್ ಮಸಾಲಾ ವ್ಯಾಪಾರಕ್ಕೂ ಇರುವ ನಂಟು ಸಭೆಯಲ್ಲಿ ಎಲ್ಲರಿಗೂ ಗೊತ್ತು, ಹಾಗಾಗಿ ಈ ಹೊಳಹು ಬಹಳ ಚೆನ್ನಾಗಿದೆ. ಆದರೆ ಮಂಡಿಯಿಂದ ಹೋಗುವ ಮಾಲಿನ ಜೊತೆ ಮಗಳನ್ನು ನಿಲ್ಲಿಸಬಾರದು. ಹಿಂದಿಯಲ್ಲಿ ಹೇಳಿದರಂತೂ ಅದು ಇನ್ನೂ ಒರಟಾಗಿ ಕೇಳುತ್ತದೆ. ದಿಕ್ಕು ತಿರುಗಿಸಿ: ಅಡಿಕೆ ಅಲ್ಲಿಗೆ ಹೋಗುತ್ತಲೇ ಇತ್ತು, ಅದು ಬೆಳೆಯುವ ಮರ ನೋಡಲು ಅಲ್ಲಿಂದ ಬಂದವರು ಇವರೊಬ್ಬರೇ. ಈಗ ಹುಡುಗನಿಗೆ ಗೌರವ ಸಿಕ್ಕಿತು, ಹುಡುಗಿಯನ್ನು ಯಾರೂ ಎಲ್ಲಿಗೂ ಕಳಿಸಲಿಲ್ಲ.

ನಿಮ್ಮ ಕರಡಿನ ವಿವರಗಳನ್ನೇ ಇಟ್ಟುಕೊಂಡು ಹೀಗೆ ಕಟ್ಟಿದ್ದೇನೆ. ‘ಇವಳು’, ‘ಇವರು’ ಎಂದಿರುವ ಕಡೆ ಬೇಕಾದಲ್ಲಿ ಹೆಸರು ಹಾಕಿಕೊಳ್ಳಿ.

“ಎಲ್ಲರಿಗೂ ನಮಸ್ಕಾರ. ನಾನು ಮದುಮಗಳ ಚಿಕ್ಕಂದಿನ ಗೆಳತಿ. ಇವಳ ಮನೆ ಅಂಗಳದಲ್ಲಿ ಒಣ ಹಾಕಿದ ಅಡಿಕೆ ಮೇಲೆ ಓಡಾಡಿ ಇಬ್ಬರೂ ಒಟ್ಟಿಗೆ ಬೈಸಿಕೊಂಡವರು.

ಕಾನ್ಪುರ್ ಸೇ ಆಯೇ ಹುಯೇ ಸಭೀ ಬಡೋಂ ಕೋ ಮೇರಾ ಪ್ರಣಾಮ್. ಮೈಂ ದುಲ್ಹನ್ ಕೀ ಬಚ್‌ಪನ್ ಕೀ ಸಹೇಲೀ ಹೂಂ. ಕಹಾನೀ ಕನ್ನಡ ಮೇಂ ಸುನಾವೂಂಗೀ, ಪರ್ ಆಪ್‌ಕಾ ಹಿಸ್ಸಾ ಆಪ್‌ಕೋ ಹಿಂದೀ ಮೇಂ ಮಿಲ್‌ತಾ ರಹೇಗಾ.

ಇವರಿಬ್ಬರ ಪರಿಚಯ ಆಗಿದ್ದು ಬೆಂಗಳೂರಲ್ಲಿ, ಒಂದೇ ಆಫೀಸಲ್ಲಿ. ‘ನಿಮ್ಮಪ್ಪ ಏನು ಮಾಡ್ತಾರೆ’ ಅಂತ ಒಂದಿನ ಇವರು ಕೇಳಿದ್ರು. ‘ಅಡಿಕೆ ಬೆಳೀತಾರೆ’ ಅಂದಳು. ಕಾನ್ಪುರದವರಿಗೆ ಅಡಿಕೆ ಗೊತ್ತಿಲ್ಲದೆ ಇರುತ್ತಾ? ಪಾನ್ ಅಂಗಡಿ ಚೂರು ಗೊತ್ತು, ಮರ ಗೊತ್ತಿಲ್ಲ. ‘ನಂಗೆ ಮರ ತೋರಿಸ್ತೀಯಾ?’ ಅಂದ್ರು. ತೋರಿಸ್ತೀನಿ ಅಂದಳು. ತೋರಿಸೋಕೆ ಎರಡು ವರ್ಷ ತಗೊಂಡಳು. ಅಷ್ಟರಲ್ಲಿ ಇಬ್ಬರಿಗೂ ಮರದ ವಿಷಯ ಮರೆತೇ ಹೋಗಿತ್ತು.

ಕೊನೆಗೂ ಒಂದು ಡಿಸೆಂಬರಲ್ಲಿ, ಕೊನೆ ಕೊಯ್ಲಿನ ಹೊತ್ತಿಗೆ, ಇವರು ತೀರ್ಥಹಳ್ಳಿಗೆ ಬಂದ್ರು.

ಹಮಾರೇ ಯಹಾಂ ಕೀ ಸುಪಾರೀ ಬರ್‌ಸೋಂ ಸೇ ಕಾನ್ಪುರ್ ಜಾತೀ ಹೈ. ಲೇಕಿನ್ ಕಾನ್ಪುರ್ ಸೇ ಕೋಯೀ ಹಮಾರೇ ಗಾಂವ್ ಮೇಂ ಸುಪಾರೀ ಕಾ ಪೇಡ್ ದೇಖ್‌ನೇ ಆಯಾ, ಐಸಾ ಪೆಹ್ಲೀ ಬಾರ್ ಹುವಾ.

ಮೊದಲ ದಿನ ಅಪ್ಪ ಹೆಚ್ಚು ಮಾತಾಡಲಿಲ್ಲ. ರಾತ್ರಿ ಊಟ ಆದ್ಮೇಲೆ ಸುಲಿಯೋರು ಮೆಟ್ಟುಗತ್ತಿ ಹಾಕ್ಕೊಂಡು ಅಂಗಳದಲ್ಲಿ ಕೂತ್ರು. ಯಾರೂ ಕರೀಲಿಲ್ಲ, ಇವರೂ ಹೋಗಿ ಕೂತ್ರು. ಹನ್ನೊಂದು ಗಂಟೆ ತನಕ ಎದ್ದಿಲ್ಲ. ಪಕ್ಕದಲ್ಲಿದ್ದ ಅಜ್ಜಿದು ಬುಟ್ಟಿ ಬುಟ್ಟಿ ಮುಗೀತು. ಇವರದ್ದು ಎಷ್ಟಾಯ್ತು ಗೊತ್ತಾ?

ರಾತ್ ಗ್ಯಾರಹ್ ಬಜೇ ತಕ್ ಬೈಠ್‌ಕರ್ ಇನ್ಹೋಂನೇ ಸುಪಾರೀ ಛೀಲೀ. ಕಿತ್‌ನೀ ಛೀಲೀ? ಪಂದ್ರಹ್. ಹದಿನೈದೇ ಹದಿನೈದು!

ಆಗ ಅಪ್ಪ ಎದ್ದು ಬಂದ್ರು. ಚೊಗರು ಹತ್ತಿ ಕಪ್ಪಾಗಿದ್ದ ಇವರ ಕೈ ನೋಡಿದ್ರು. ಒಳಗೆ ಹೋಗಿ ಕೊಬ್ಬರಿ ಎಣ್ಣೆ ತಂದು ಮುಂದಿಟ್ಟು, ‘ಕೈಗೆ ಮೊದಲೇ ಎಣ್ಣೆ ಹಚ್ಕೊಂಡು ಕೂರೋದಲ್ವಾ ಮಾರಾಯ!’ ಅಂದ್ರು. ಮಲೆನಾಡಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗ್ಗೆ ತನಕ ‘ನೀವು’ ಆಗಿದ್ದವರು ರಾತ್ರಿ ‘ಮಾರಾಯ’ ಆದ್ರು.

ಉಸ್ ರಾತ್ ದುಲ್ಹನ್ ಕೇ ಪಾಪಾ ನೇ ಇನ್ಹೇಂ ಪೆಹ್ಲೀ ಬಾರ್ ಡಾಂಟಾ, ಅಪ್‌ನಾ ಸಮಝ್‌ಕರ್.

ಆಮೇಲಿನ ತಿಂಗಳು ಇವಳು ಕಾನ್ಪುರಕ್ಕೆ ಹೋದಳು. ‘ಆಗುಂಬೆ ಮಳೆ ಕಂಡವಳು ನಾನು, ಚಳಿ ಏನು ಮಾಡುತ್ತೆ’ ಅಂತ ಒಂದು ತೆಳು ಸ್ವೆಟರಲ್ಲಿ ಹೋಗಿ ಇಳಿದಳು.

ಜನ್‌ವರೀ ಮೇಂ ದುಲ್ಹನ್ ಕಾನ್ಪುರ್ ಗಯೀ. ಉಸ್ ಠಂಡ್ ಮೇಂ ಆಂಟೀ ಜೀ ನೇ ಅಪ್‌ನೇ ಹಾಥೋಂ ಸೇ ಅಪ್‌ನೀ ಶಾಲ್ ಇಸೇ ಓಢಾ ದೀ. ವೋ ಶಾಲ್ ಆಜ್ ತಕ್ ವಾಪಸ್ ನಹೀಂ ಗಯೀ.

ತಮ್ಮ ಕೈಯಾರೆ ತಮ್ಮ ಶಾಲು ಹೊದಿಸಿದ್ರು ಇವರ ಅಮ್ಮ. ಆ ಶಾಲು ಈಗಲೂ ತೀರ್ಥಹಳ್ಳಿ ಮನೆಯಲ್ಲೇ ಇದೆ, ನಾನೂ ಹೊದ್ದಿದ್ದೀನಿ.

ಇವಳ ಕೈಗೆ ಮೆಹಂದಿ ಬಣ್ಣ ಈಗ ಹತ್ತಿದೆ. ಇವರ ಕೈಗೆ ನಮ್ಮ ತೋಟದ ಚೊಗರು ಎಂದೋ ಹತ್ತಿತ್ತು.

ದುಲ್ಹನ್ ಕೇ ಹಾಥೋಂ ಪರ್ ಮೆಹಂದೀ ಕಾ ರಂಗ್ ಅಬ್ ಚಢಾ ಹೈ. ದೂಲ್ಹೇ ಕೇ ಹಾಥೋಂ ಪರ್ ಹಮಾರೀ ಸುಪಾರೀ ಕಾ ರಂಗ್ ತೋ ಕಬ್ ಕಾ ಚಢ್ ಚುಕಾ ಥಾ.

ನಾಳೆ ಬೆಳಗ್ಗೆ ಧಾರೆಯಲ್ಲಿ ಈ ಕೈಗಳು ಸೇರುತ್ತವೆ. ಹಿರಿಯರೆಲ್ಲ ಮನಸಾರೆ ಹರಸಿ.

ಕಲ್ ಸುಬೆಹ್ ಜಬ್ ಯೇ ಹಾಥ್ ಮಿಲೇಂಗೇ, ಆಪ್ ಸಬ್ ಕಾ ಆಶೀರ್ವಾದ್ ಇನ್ ಪರ್ ಬನಾ ರಹೇ.”

ನಿಧಾನವಾಗಿ, ನಗುವಿಗೆ ಬಿಡುವು ಕೊಟ್ಟು ಓದಿದರೆ ಇದು ಐದು ನಿಮಿಷದ ಆಸುಪಾಸು ಬರುತ್ತದೆ. ಕನ್ನಡದ ಪದಗಳು ಉದ್ದ, ಮೈಕಿನಲ್ಲಿ ನಿಮಿಷಕ್ಕೆ ಎಂಬತ್ತು ತೊಂಬತ್ತು ಪದಕ್ಕಿಂತ ಹೆಚ್ಚು ಹೇಳಲು ಹೋದರೆ ಹಿಂದೆ ಕೂತವರಿಗೆ ಬರೀ ಸದ್ದು ಕೇಳುತ್ತದೆ.

ಹಿಂದಿ ಎಲ್ಲ ಕಡೆಯೂ ಒಂದೇ ಕ್ರಮದಲ್ಲಿ ಬಂದಿಲ್ಲ ಎಂಬುದನ್ನು ನೋಡಿ. ಹದಿನೈದು ಅಡಿಕೆಯ ಜಾಗದಲ್ಲಿ ಕನ್ನಡ ಪ್ರಶ್ನೆ ಕೇಳಿ ನಿಂತುಬಿಡುತ್ತದೆ, ಉತ್ತರ ಹೇಳುವುದಿಲ್ಲ. ಹಿಂದಿ ಕೂಡ ಅದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಆಮೇಲೆ “ಪಂದ್ರಹ್”, ಅದರ ಬೆನ್ನಿಗೇ “ಹದಿನೈದೇ ಹದಿನೈದು”. ನಡುವೆ ಉಸಿರು ತೆಗೆದುಕೊಳ್ಳಬೇಡಿ. ಆಗ ಎರಡು ಕಡೆಯ ನಗು ಒಂದಾಗುತ್ತದೆ. ನಗಿಸುವ ಮಾತು ಯಾವುದೇ ಇರಲಿ, ಪೀಠಿಕೆಯನ್ನು ಎರಡೂ ಭಾಷೆಯಲ್ಲಿ ಮುಗಿಸಿಕೊಂಡು, ಕೊನೆಯ ಪದವನ್ನು ಮಾತ್ರ ಉಳಿಸಿಕೊಳ್ಳಬೇಕು. ಶಾಲಿನ ಜಾಗದಲ್ಲಿ ಹಿಂದಿಯೇ ಮೊದಲು ಬಂದಿದೆ, ಏಕೆಂದರೆ ಅದು ಅವರ ಮನೆಯ ಕಥೆ. ತಮ್ಮ ಅಮ್ಮನ ಬಗ್ಗೆ ಅವರೇ ಮೊದಲು ಕೇಳಲಿ, ನಮ್ಮವರು ಅವರ ಮುಖ ನೋಡುತ್ತಾ ಕಾಯಲಿ. ಅಪ್ಪ ಬೈದ ಸಾಲಿನಲ್ಲಿ ಎಣ್ಣೆಯನ್ನಾಗಲಿ ‘ಮಾರಾಯ’ವನ್ನಾಗಲಿ ಹಿಂದಿಗೆ ತರಲು ನಾನು ಹೋಗಿಲ್ಲ. ಅದನ್ನು ವಿವರಿಸಲು ನಾಲ್ಕು ವಾಕ್ಯ ಬೇಕಾಗುತ್ತದೆ. ಬೈದರು, ತಮ್ಮವನೆಂದು ಬೈದರು. ಇಷ್ಟಿದ್ದರೆ ಕಾನ್ಪುರದ ಯಾವ ತಂದೆಗೂ ಅರ್ಥವಾಗುತ್ತದೆ. “ಅಪ್‌ನಾ ಸಮಝ್‌ಕರ್” ಸಾಲಿನ ಕೊನೆಯಲ್ಲೇ ಬರಬೇಕು, ಮೊದಲು ಬಂದರೆ ಬೈಗುಳದ ಸಿಹಿ ಹೋಯಿತು.

ನಿಮ್ಮ ಕರಡಿನ ಹಿಂದಿಯಲ್ಲಿ ಕೆಲವು ಅಪಾಯಗಳಿದ್ದವು. ದೊಡ್ಡದು ಅಡಿಕೆಯದೇ. “ಇನ್ಹೋಂನೇ ಸುಪಾರೀ ಲೀ” ಎಂದು ಬರೆದಿದ್ದೀರಿ, ಅಡಿಕೆಯನ್ನು ಕೈಗೆ ತೆಗೆದುಕೊಂಡರು ಎಂಬರ್ಥದಲ್ಲಿ. ಹಿಂದಿಯಲ್ಲಿ ಸುಪಾರಿ ತೆಗೆದುಕೊಳ್ಳುವುದು ಎಂದರೆ ಕೊಲೆಗೆ ಹಣ ಪಡೆದು ಒಪ್ಪಿಕೊಳ್ಳುವುದು. ನಮ್ಮ ಪತ್ರಿಕೆಗಳಲ್ಲಿ ಬರುವ ಸುಪಾರಿ ಹಂತಕರು ಇದೇ ಮೂಲದವರು. ಅಡಿಕೆಯ ಕಥೆಯಲ್ಲಿ ‘ಲೇನಾ’, ‘ದೇನಾ’ ಎರಡು ಕ್ರಿಯಾಪದಗಳನ್ನೂ ಸುಪಾರಿಯ ಪಕ್ಕಕ್ಕೆ ತರಬೇಡಿ. ಸುಪಾರಿ ಹೋಗಲಿ, ಒಣಗಲಿ, ಸುಲಿಯಲಿ, ತೊಂದರೆಯಿಲ್ಲ.

ಎರಡನೆಯದು ಇನ್ನೂ ನಾಜೂಕಿನದು. ಶಾಲಿನ ಪ್ರಸಂಗ ಹೇಳಿ “ನನ್ನ ಮನಸ್ಸು ತುಂಬಿ ಬಂತು” ಎಂದು ಕನ್ನಡದಲ್ಲಿ ಬರೆದು, ಹಿಂದಿಯಲ್ಲಿ “ಮೇರಾ ಮನ್ ಭರ್ ಗಯಾ” ಎಂದು ಇಟ್ಟಿದ್ದೀರಿ. ಹಾಗೆಂದರೆ ಅಲ್ಲಿ ಸಾಕಾಗಿಹೋಯಿತು, ಬೇಸರ ಬಂತು ಎಂದು ಕೇಳುತ್ತದೆ. ಅತ್ತೆಯಾಗುವವರ ಪ್ರೀತಿಯ ಬಗ್ಗೆ ಇದನ್ನು ಹೇಳಿದರೆ ಏನಾದೀತು ಯೋಚಿಸಿ. ಬೇಕೇಬೇಕಿದ್ದರೆ “ದಿಲ್ ಭರ್ ಆಯಾ” ಎನ್ನಬಹುದು. ನನ್ನ ಅಭಿಪ್ರಾಯ ಕೇಳಿದರೆ, ಶಾಲು ವಾಪಸ್ ಹೋಗಿಲ್ಲ ಎಂದ ಮೇಲೆ ನಿಮ್ಮ ಮನಸ್ಸಿಗೆ ಏನಾಯಿತೆಂದು ಹೇಳುವ ಅಗತ್ಯವಿಲ್ಲ. ಹಾಗೆಯೇ ಕೊನೆಯಲ್ಲಿ “ಇನ್‌ಕಾ ಸಂಸಾರ್ ಸುಖೀ ರಹೇ” ಎಂದಿತ್ತು. ನಮಗೆ ಸಂಸಾರ ಎಂದರೆ ಮನೆ, ಗಂಡ ಹೆಂಡತಿ, ಮಕ್ಕಳು. ಹಿಂದಿಯಲ್ಲಿ ಸಾಮಾನ್ಯವಾಗಿ ಇಡೀ ಜಗತ್ತು. ನಾನು ಆ ಸಾಲನ್ನೇ ತೆಗೆದು ಆಶೀರ್ವಾದದ ಸಾಲು ಹಾಕಿದ್ದೇನೆ.

ಕನ್ನಡದವರು ಹಿಂದಿಯಲ್ಲಿ ಎಡವುವ ಮುಖ್ಯ ಜಾಗ ಲಿಂಗ. “ಸುಲಿದರು” ಎನ್ನುವಾಗ ಕನ್ನಡದ ಕ್ರಿಯಾಪದ ಸುಲಿದವರನ್ನು ನೋಡುತ್ತದೆ. ಹಿಂದಿಯಲ್ಲಿ ‘ನೇ’ ಬಂದರೆ ಅದು ಸುಲಿದ ವಸ್ತುವನ್ನು ನೋಡುತ್ತದೆ. ಸುಪಾರಿ ಸ್ತ್ರೀಲಿಂಗ, ಹಾಗಾಗಿ ಸುಲಿದವರು ಗಂಡಾದರೂ “ಛೀಲೀ”. ಶಾಲು ಕೂಡ ಸ್ತ್ರೀಲಿಂಗ, ಹಾಗಾಗಿ “ಓಢಾ ದೀ”, “ನಹೀಂ ಗಯೀ”. ಆದರೆ ಬಣ್ಣ ಪುಲ್ಲಿಂಗ, ಅದಕ್ಕೇ “ರಂಗ್ ಚಢಾ ಹೈ”. ಇನ್ನು ನೀವು ಹೆಣ್ಣುಮಗಳು, ನಿಮ್ಮ ಬಗ್ಗೆ ಹೇಳುವಾಗ “ಸುನಾವೂಂಗೀ”. ಈ ವ್ಯಾಕರಣವೆಲ್ಲ ಕಲಿಯಲು ಈಗ ಹೊತ್ತಿಲ್ಲ, ಬೇಕಾಗಿಯೂ ಇಲ್ಲ. ಏಳು ಜಾಗಗಳನ್ನು ಅಕ್ಷರ ಬದಲಿಸದೆ ಬಾಯಿಪಾಠ ಮಾಡಿ. ವೇದಿಕೆ ಮೇಲೆ ಹುರುಪಿನಲ್ಲಿ ಎಂಟನೆಯ ಹಿಂದಿ ಸಾಲನ್ನು ಕಟ್ಟಲು ಹೋಗಬೇಡಿ, ತಪ್ಪು ಬರುವುದು ಅಲ್ಲೇ. ಆಟೋ ಹಿಂದಿಯ ‘ಮೇರೇಕೋ’, ‘ತೇರೇಕೋ’ ಕೂಡ ಆಗಲೇ ನುಸುಳುತ್ತವೆ.

ಹುಡುಗನನ್ನು ನೀವು ದಿನವೂ ಏಕವಚನದಲ್ಲೇ ಕರೆಯುತ್ತೀರಿ ಎಂದು ಬರೆದಿದ್ದೀರಿ. ಆ ಸಂಜೆ ಮಾತ್ರ ಕನ್ನಡದಲ್ಲಿ ‘ಇವರು’, ಹಿಂದಿಯಲ್ಲಿ ‘ಇನ್ಹೋಂನೇ’, ‘ಇನ್ಹೇಂ’ ಇರಲಿ. ಅವರ ದೊಡ್ಡಪ್ಪ, ಚಿಕ್ಕಪ್ಪಂದಿರು ಕೇಳುತ್ತಿರುತ್ತಾರೆ. ಹುಡುಗನ ತಾಯಿಯನ್ನು ನೀವು ‘ಆಂಟೀ ಜೀ’ ಎಂದರೆ ಸರಿ. ‘ಸಮಧನ್’ ಎಂದು ಕರಡಿನಲ್ಲಿತ್ತು. ಅದು ಬೀಗಿತ್ತಿ, ಗೆಳತಿಯ ಅಮ್ಮ ಕರೆಯಬಹುದು, ನೀವಲ್ಲ.

ಹಿಂದಿ ಸಾಲುಗಳನ್ನು ಕಾರ್ಡಿನಲ್ಲಿ ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ದೇವನಾಗರಿ ಓದಲು ಬಂದರೂ, ಭಾಷಣದ ನಡುವೆ ಲಿಪಿ ಬದಲಾದರೆ ಕಣ್ಣು ಒಂದು ಕ್ಷಣ ತಡವರಿಸುತ್ತದೆ. ಆದರೆ ಪುಸ್ತಕದ ಕಾಗುಣಿತದಂತೆ ಬರೆಯದೆ, ಕಿವಿಗೆ ಕೇಳುವಂತೆ ಬರೆಯಿರಿ. ನಾವು ಪದದ ನಡುವೆಯೂ ಕೊನೆಗೂ ಸ್ವರ ಸೇರಿಸಿ ಮಾತಾಡುವವರು, ‘ಹಾಥ್’ ನಮ್ಮ ಬಾಯಲ್ಲಿ ‘ಹಾತು’ ಆಗಿಬಿಡುತ್ತದೆ. ಅದಕ್ಕೇ ಮೇಲೆ ‘ಅಪ್‌ನೀ’, ‘ಕಿತ್‌ನೀ’ ಎಂದು ಅರ್ಧಾಕ್ಷರ ಬಿಡಿಸಿ ಬರೆದಿದ್ದೇನೆ. ಬರಹದಲ್ಲಿ ‘ಪಹಲೀ’ ಇರುವುದು ಬಾಯಲ್ಲಿ ‘ಪೆಹ್ಲೀ’. ಮಹಾಪ್ರಾಣಗಳಲ್ಲಿ ಮೂರನ್ನು ಮಾತ್ರ ಜೋಪಾನ ಮಾಡಿ: ಛೀಲೀ, ಹಾಥ್, ಚಢಾ. ಕೊನೆಯದರಲ್ಲಿ ನಾಲಿಗೆ ಮೇಲಕ್ಕೆ ತಗುಲಿ ತಕ್ಷಣ ಕೆಳಗೆ ಬಡಿಯಬೇಕು, ಜೊತೆಗೆ ಉಸಿರೂ ಬರಬೇಕು. ಹುಡುಗನ ತಂಗಿಗೋ ಅಕ್ಕನಿಗೋ ಹೇಳಿ ಈ ಏಳು ಜಾಗಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಸಿಕೊಂಡು ಕೇಳುತ್ತಿದ್ದರೆ ಧಾಟಿ ತಾನಾಗಿ ಬರುತ್ತದೆ. ಮಾತಿನ ಗುಟ್ಟು ಉಳಿಯಬೇಕೆಂದರೆ ಸಾಲುಗಳನ್ನು ಹಿಂದುಮುಂದು ಮಾಡಿ ಕಳಿಸಿ.

ನಿಮ್ಮ ಆರತಕ್ಷತೆ ಧಾರೆಯ ಹಿಂದಿನ ಸಂಜೆ ನಡೆಯುವುದರಿಂದ ಇನ್ನೊಂದು ಎಚ್ಚರ ಬೇಕು. ಆ ಹೊತ್ತಿಗೆ ಅವರಿನ್ನೂ ಗಂಡ ಹೆಂಡತಿಯಲ್ಲ. “ಸತಿಪತಿಗಳಾದರು”, “ಪತಿ ಪತ್ನೀ ಬನ್ ಗಯೇ” ಎಂದೆಲ್ಲ ಹೇಳಬೇಡಿ, ಹಿರಿಯರಿಗೆ ಕಸಿವಿಸಿಯಾಗುತ್ತದೆ. ಮದುಮಕ್ಕಳು, ದೂಲ್ಹಾ, ದುಲ್ಹನ್ ಎಂದರೆ ಎರಡೂ ಕಡೆ ನಿಲ್ಲುತ್ತದೆ. ಕಾನ್ಪುರದವರಿಗೆ ಬೆಳಗಿನ ಮುಹೂರ್ತ ಹೊಸದಿರಬಹುದು, ಅವರ ಕಡೆ ಅಗ್ನಿಗೆ ಸುತ್ತು ಬರುವ ಫೇರೇ ಸಾಮಾನ್ಯವಾಗಿ ರಾತ್ರಿ. ಹಾಗಾಗಿ “ಕಲ್ ಸುಬೆಹ್” ಎಂಬ ಎರಡು ಪದವನ್ನು ಒತ್ತಿ ಹೇಳಿ.

ಸಮಯವನ್ನು ಈಗಲೇ ಗೊತ್ತು ಮಾಡಿಕೊಳ್ಳಬೇಕು. ನಮ್ಮ ಆರತಕ್ಷತೆಯಲ್ಲಿ ಭಾಷಣದ ಪದ್ಧತಿ ಇಲ್ಲ. ಮದುಮಕ್ಕಳು ವೇದಿಕೆಗೆ ಬಂದ ಕೂಡಲೇ ಉಡುಗೊರೆ ಹಿಡಿದವರ ಸಾಲು ಶುರುವಾಗುತ್ತದೆ, ಫೋಟೊದವರು ಒಬ್ಬೊಬ್ಬರನ್ನೇ ನಿಲ್ಲಿಸುತ್ತಾರೆ, ಇನ್ನೊಂದು ಕಡೆ ಊಟದ ಪಂಕ್ತಿ ಏಳುತ್ತಿರುತ್ತದೆ. ಆ ಸಾಲು ಒಮ್ಮೆ ಶುರುವಾದರೆ ನಿಮ್ಮ ಮಾತನ್ನು ಯಾರೂ ಕೇಳುವುದಿಲ್ಲ. ಮದುಮಕ್ಕಳು ಬಂದು ಕೂತ ಮೇಲೆ, ಸಾಲು ಬಿಡುವ ಮೊದಲು ನಿಮ್ಮ ಮಾತು ಆಗಬೇಕು ಎಂದು ಗೆಳತಿಯ ಅಣ್ಣನಿಗೋ, ಓಡಾಡುವ ಜವಾಬ್ದಾರಿ ಹೊತ್ತವರಿಗೋ ಹೇಳಿಡಿ. ಸಂಗೀತದವರಿಗೂ ಗೊತ್ತಿರಲಿ. ಕಾನ್ಪುರದವರು ಅದರ ಮುಂಚೆ ಮೆಹಂದಿ, ಸಂಗೀತ್ ಇಟ್ಟುಕೊಂಡಿದ್ದರೆ, ಈ ಮಾತಿಗೆ ಆರತಕ್ಷತೆಗಿಂತ ಅದೇ ಒಳ್ಳೆಯ ಜಾಗ. ಜನ ಕಡಿಮೆ, ಎಲ್ಲರೂ ಕೂತಿರುತ್ತಾರೆ, ಮೆಹಂದಿಯ ಸಾಲಿಗೆ ಎದುರಿಗೇ ಕೈಗಳಿರುತ್ತವೆ. ಹಾಗೆ ಮಾಡಿದರೆ “ಕಲ್ ಸುಬೆಹ್” ಬದಲು “ಶಾದೀ ಕೇ ದಿನ್” ಎನ್ನಿ, “ನಾಳೆ ಬೆಳಗ್ಗೆ” ಬದಲು “ಮದುವೆ ದಿನ”.

ಮಾತಿಗೆ ನಿಲ್ಲುವ ಮುಂಚೆ ಕಾನ್ಪುರದವರು ಎಲ್ಲಿ ಕೂತಿದ್ದಾರೆ ನೋಡಿಕೊಳ್ಳಿ. ಹಿಂದಿ ಬಂದಾಗಲೆಲ್ಲ ಮುಖ ಅತ್ತ ತಿರುಗಲಿ, ಕನ್ನಡಕ್ಕೆ ಸಭೆಯ ನಡುವಿಗೆ. ಎರಡನೇ ಹಿಂದಿ ಸಾಲಿನ ಹೊತ್ತಿಗೆ, ನೀವು ತಿರುಗಿದರೆ ತಮ್ಮ ಸರದಿ ಎಂದು ಅವರಿಗೆ ತಿಳಿದಿರುತ್ತದೆ. ಅವರು ಫೋನಿನಿಂದ ತಲೆ ಎತ್ತಿ ಕಾಯುತ್ತಿದ್ದರೆ ಮಾತು ಸರಿಯಾಗಿ ನಡೆಯುತ್ತಿದೆ ಎಂದರ್ಥ. ಅವರ ಕಡೆ ಗುಜುಗುಜು ಹೆಚ್ಚಾದರೆ ನೀವು ಕನ್ನಡದಲ್ಲಿ ಬಹಳ ಹೊತ್ತು ನಿಂತಿದ್ದೀರಿ, ಆ ಪ್ಯಾರಾವನ್ನು ಅಲ್ಲಿಗೇ ಮುಗಿಸಿ ಮುಂದಿನ ಹಿಂದಿ ಜಾಗಕ್ಕೆ ಹೋಗಿ. ಶಾಲಿನ ಸಾಲನ್ನು ಹುಡುಗನ ತಾಯಿಯ ಮುಖ ನೋಡಿಯೇ ಹೇಳಿ, ಹೇಳಿದ ಮೇಲೆ ಎರಡು ಉಸಿರಿನಷ್ಟು ಹೊತ್ತು ಸುಮ್ಮನಿರಿ.

ಕಾರ್ಯಕ್ರಮ ತಡವಾಗಿ “ಎರಡೇ ನಿಮಿಷದಲ್ಲಿ ಮುಗಿಸಮ್ಮ” ಎಂದು ಯಾರಾದರೂ ಬಂದು ಹೇಳುವುದು ನಮ್ಮ ಮದುವೆಗಳಲ್ಲಿ ಮಾಮೂಲು. ಅದಕ್ಕೆ ಕಾರ್ಡಿನಲ್ಲಿ ಈಗಲೇ ಗುರುತು ಹಾಕಿಕೊಳ್ಳಿ. ಆಫೀಸಿನ ಪ್ಯಾರಾ ಪೂರ್ತಿ ಹೋಗಬಹುದು. ಹದಿನೈದು ಅಡಿಕೆಯ ನಗು ಕೂಡ ಹೋಗಬಹುದು, ಆಗ ಇವರು ಸುಲಿಯಲು ಹೋಗಿ ಕೂತದ್ದನ್ನು ಒಂದು ವಾಕ್ಯದಲ್ಲಿ ಹೇಳಿ ನೇರವಾಗಿ ಅಪ್ಪ ಎದ್ದು ಬಂದ ಜಾಗಕ್ಕೆ ಬನ್ನಿ. ಹಿಂದಿಯಲ್ಲೂ ಅದೇ ಬೆಸುಗೆ ಬೇಕು: “ರಾತ್ ಕೋ ಯೇ ಸುಪಾರೀ ಛೀಲ್‌ನೇ ಬೈಠ್ ಗಯೇ” ಎಂದು ಸೇರಿಸಿದರೆ ಬೈದ ಸಾಲಿಗೆ ಆಧಾರ ಸಿಗುತ್ತದೆ. ಬೈದದ್ದು, ಶಾಲು, ಕೈಯ ಬಣ್ಣ, ಆಶೀರ್ವಾದ ಈ ನಾಲ್ಕನ್ನು ಮಾತ್ರ ಯಾರು ಅವಸರ ಮಾಡಿದರೂ ಬಿಡಬೇಡಿ.